ಮಹಿಳಾ ವೈದ್ಯಕೀಯ ವಾರ್ಡಿಗೆ 2026–27ನೇ ಸಾಲಿನ ಸಿಬ್ಬಂದಿ ಯೋಜನೆ

ಇವರಿಗೆ: ಜಿಲ್ಲಾ ಶಸ್ತ್ರಚಿಕಿತ್ಸಕರು, ಜಿಲ್ಲಾ ಆಸ್ಪತ್ರೆ
ಇವರಿಂದ: ಶುಶ್ರೂಷಾ ಅಧೀಕ್ಷಕರು
ವಿಷಯ: ಪಾಳಿವಾರು ಮತ್ತು ರೋಗಿಗಳ ಆರೈಕೆಯ ಹೊರೆಗೆ ಅನುಗುಣವಾಗಿ ಬೇಕಾಗುವ ಸಿಬ್ಬಂದಿಯ ಅಂದಾಜು

ಮಾನ್ಯರೇ,

ಮಹಿಳಾ ವೈದ್ಯಕೀಯ ವಾರ್ಡಿಗೆ ಮಂಜೂರಾಗಿರುವ ಹಾಸಿಗೆಗಳು 30, ಶುಶ್ರೂಷಾಧಿಕಾರಿ ಹುದ್ದೆಗಳು 14. ಇವುಗಳಲ್ಲಿ ಒಂದು ಹುದ್ದೆ ಖಾಲಿಯಿದೆ. ಒಬ್ಬರು ಹೆರಿಗೆ ರಜೆಯಲ್ಲಿದ್ದು, ಮಾರ್ಚ್ ತಿಂಗಳಲ್ಲಿ ಮರಳಲಿದ್ದಾರೆ. ಆದ್ದರಿಂದ ಸದ್ಯ ಪಾಳಿಗೆ ಹಾಕಲು ಸಿಗುತ್ತಿರುವವರು 12 ಮಂದಿ. ವಾರ್ಡಿನ ಉಸ್ತುವಾರಿ ಸಿಸ್ಟರ್ ಅವರನ್ನು ಈ ಲೆಕ್ಕದಲ್ಲಿ ಎಲ್ಲಿಯೂ ಸೇರಿಸಿಲ್ಲ. ದಾಸ್ತಾನು, ಇಂಡೆಂಟು, ರೌಂಡ್ಸ್, ಪಾಳಿ ಪಟ್ಟಿ ಇವೆಲ್ಲವೂ ಅವರ ಕೆಲಸವಾಗಿರುವಾಗ ಅವರನ್ನು ಆರೈಕೆಯ ಕೈಗಳಲ್ಲಿ ಒಂದೆಂದು ಎಣಿಸುವುದು ಸರಿಯಲ್ಲ.

ಹಿಂದಿನ ಎರಡು ಪ್ರಸ್ತಾವನೆಗಳನ್ನು ಹಾಸಿಗೆಗಳ ಸಂಖ್ಯೆಯ ಮೇಲೆ ಕಳುಹಿಸಲಾಗಿತ್ತು. ಸಾಮಾನ್ಯ ವಾರ್ಡುಗಳಿಗೆ 5 ರೋಗಿಗಳಿಗೆ ಒಬ್ಬ ನರ್ಸ್ ಮತ್ತು ಅದರ ಮೇಲೆ ಶೇ. 30ರಷ್ಟು ರಜಾ ಮೀಸಲು ಎಂಬ ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ ನಮಗೆಲ್ಲ ತಿಳಿದದ್ದೇ. ಆದರೆ ಅದನ್ನು ಪ್ರತಿ ಪಾಳಿಗೆಂದು ಓದಿಕೊಂಡರೆ 30 ಹಾಸಿಗೆಗೆ 6 ಮಂದಿಯಂತೆ ಮೂರು ಪಾಳಿಗೆ 18, ಮೀಸಲು ಸೇರಿ 23.4 ಆಗುತ್ತದೆ, ಇಡೀ ದಿನಕ್ಕೆಂದು ಓದಿಕೊಂಡರೆ 8ಕ್ಕೂ ಕಡಿಮೆ. ಈ ಎರಡರ ನಡುವೆ ಎಲ್ಲಿ ನಿಲ್ಲಬೇಕೆಂಬುದನ್ನು ನಮ್ಮ ವಾರ್ಡಿನ ಕೆಲಸವೇ ಹೇಳಬೇಕು ಎಂಬ ಕಾರಣಕ್ಕೆ 2025ರ ಏಪ್ರಿಲ್‌ನಲ್ಲಿ 14 ದಿನ, ಆಗಸ್ಟ್‌ನಲ್ಲಿ 14 ದಿನ, ಮೂರೂ ಪಾಳಿಗಳಲ್ಲಿ ಗಡಿಯಾರ ಹಿಡಿದು ಪ್ರತಿಯೊಂದು ಕೆಲಸಕ್ಕೆ ತಗಲುವ ಸಮಯವನ್ನು ಬರೆದಿಡಲಾಯಿತು.

ರೋಗಿಗಳ ವರ್ಗ ಮತ್ತು ಆರೈಕೆಯ ಗಂಟೆಗಳು

ಹಾಸಿಗೆಯ ಮೇಲಿರುವ ಎಲ್ಲ ರೋಗಿಗಳೂ ಒಂದೇ ಪ್ರಮಾಣದ ಆರೈಕೆಯನ್ನು ಬೇಡುವುದಿಲ್ಲ. ತಾವೇ ಎದ್ದು ಓಡಾಡುವ, ಮಾತ್ರೆ ಕೊಟ್ಟರೆ ನುಂಗಿ ಮಲಗುವ ರೋಗಿಯನ್ನು ಒಂದನೇ ವರ್ಗವೆಂದು ಇಟ್ಟುಕೊಂಡರೆ ಅವರಿಗೆ ದಿನವೊಂದಕ್ಕೆ 1 ಗಂಟೆ ನೇರ ಆರೈಕೆ ಸಾಕಾಗುತ್ತದೆ. ಡ್ರಿಪ್, ಇಂಜೆಕ್ಷನ್, ಸಕ್ಕರೆ ಪರೀಕ್ಷೆ ಇರುವ, ಶೌಚಾಲಯಕ್ಕೆ ಕೈಹಿಡಿದು ಕರೆದೊಯ್ಯಬೇಕಾದವರು ಎರಡನೇ ವರ್ಗ. ಅವರಿಗೆ 2 ಗಂಟೆ. ಪಾರ್ಶ್ವವಾಯು ಬಡಿದು ಮಲಗಿದವರು, ಮೂಗಿನ ನಳಿಕೆಯಲ್ಲಿ ಆಹಾರ ಪಡೆಯುವವರು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಾದವರು ಮೂರನೇ ವರ್ಗ. ಅವರಿಗೆ 4 ಗಂಟೆ. ಐಸಿಯುನಲ್ಲಿ ಜಾಗವಿಲ್ಲದೆ ವಾರ್ಡಿನಲ್ಲೇ ಉಳಿದ, ಗಂಟೆಗೊಮ್ಮೆ ರಕ್ತದೊತ್ತಡ ಮತ್ತು ಮೂತ್ರದ ಪ್ರಮಾಣ ನೋಡಬೇಕಾದವರು ನಾಲ್ಕನೇ ವರ್ಗ. ಅವರಿಗೆ 7 ಗಂಟೆ.

ಏಪ್ರಿಲ್‌ನ ಸರಾಸರಿ ದಿನದಲ್ಲಿ ಮಧ್ಯರಾತ್ರಿಯ ಎಣಿಕೆಯಂತೆ 28 ರೋಗಿಗಳಿದ್ದರು. ವರ್ಗವಾರು ಅವರು 9, 12, 5 ಮತ್ತು 2. ಗಂಟೆಗಳ ಲೆಕ್ಕದಲ್ಲಿ ಇದು 9 + 24 + 20 + 14 = 67. ಇದರೊಂದಿಗೆ ದಿನಕ್ಕೆ 6 ದಾಖಲಾತಿ, 6 ಬಿಡುಗಡೆ. ದಾಖಲಾತಿಗೆ 45 ನಿಮಿಷ, ಬಿಡುಗಡೆಗೆ 30 ನಿಮಿಷದಂತೆ 7.5 ಗಂಟೆ ಸೇರಿ ಒಟ್ಟು 74.5 ಗಂಟೆ.

ಆಗಸ್ಟ್‌ನಲ್ಲಿ ಸರಾಸರಿ 38 ರೋಗಿಗಳು. ಎಂದರೆ 8 ಮಂದಿಗೆ ನಡುವಿನ ಓಣಿಯಲ್ಲಿ ಹೆಚ್ಚುವರಿ ಮಂಚ ಹಾಕಲಾಗಿತ್ತು. ಡೆಂಗಿ ಮತ್ತು ಇಲಿಜ್ವರ ಹೆಚ್ಚಾಗುವ ಕಾಲವಾದ್ದರಿಂದ ಸಂಖ್ಯೆಯ ಜೊತೆಗೆ ತೀವ್ರತೆಯೂ ಏರುತ್ತದೆ. ವರ್ಗವಾರು 10, 17, 8 ಮತ್ತು 3, ಅಂದರೆ 97 ಗಂಟೆ. 10 ದಾಖಲಾತಿ ಮತ್ತು 10 ಬಿಡುಗಡೆಗೆ 12.5 ಗಂಟೆ, ಒಟ್ಟು 109.5 ಗಂಟೆ. ರೋಗಿಗಳ ಸಂಖ್ಯೆ ಶೇ. 36ರಷ್ಟು ಏರಿದಾಗ ಕೆಲಸ ಶೇ. 47ರಷ್ಟು ಏರಿದೆ. ಹಾಸಿಗೆ ಎಣಿಸಿ ಮಾಡಿದ ಯೋಜನೆಗೆ ಈ ವ್ಯತ್ಯಾಸ ಕಾಣುವುದಿಲ್ಲ.

ಪಾಳಿವಾರು ಅಗತ್ಯ

ನಮ್ಮಲ್ಲಿ ಬೆಳಗಿನ ಪಾಳಿ 8ರಿಂದ 2, ಮಧ್ಯಾಹ್ನದ ಪಾಳಿ 2ರಿಂದ 8, ರಾತ್ರಿ ಪಾಳಿ 8ರಿಂದ ಮರುದಿನ ಬೆಳಗ್ಗೆ 8. ಪಾಳಿ ಒಪ್ಪಿಸಿಕೊಳ್ಳುವುದು, ಊಟ-ತಿಂಡಿ ಮತ್ತು ಅನಿವಾರ್ಯ ಓಡಾಟಗಳನ್ನು ಕಳೆದರೆ ರೋಗಿಗೆ ದೊರೆಯುವ ಸಮಯ 6 ಗಂಟೆಯ ಪಾಳಿಯಲ್ಲಿ 5.25 ಗಂಟೆ, 12 ಗಂಟೆಯ ಪಾಳಿಯಲ್ಲಿ 10.5 ಗಂಟೆ. ದಿನದ ಕೆಲಸದಲ್ಲಿ ಬೆಳಗಿನ ಪಾಲು ಶೇ. 40, ಮಧ್ಯಾಹ್ನದ್ದು ಶೇ. 28, ರಾತ್ರಿಯದು ಶೇ. 32.

| ಪಾಳಿ | ಈಗ ಇರುವವರು | ಸಾಮಾನ್ಯ ದಿನದ ಲೆಕ್ಕ | ಬೇಕಾದವರು | ಮಳೆಗಾಲದ ಲೆಕ್ಕ | ಬೇಕಾದವರು |
|---|---|---|---|---|---|
| ಬೆಳಗ್ಗೆ | 4 | 29.8 ÷ 5.25 = 5.68 | 6 | 43.8 ÷ 5.25 = 8.34 | 8 |
| ಮಧ್ಯಾಹ್ನ | 2 | 20.86 ÷ 5.25 = 3.97 | 4 | 30.66 ÷ 5.25 = 5.84 | 6 |
| ರಾತ್ರಿ | 2 | 23.84 ÷ 10.5 = 2.27 | 3 | 35.04 ÷ 10.5 = 3.34 | 4 |

ಮಳೆಗಾಲದ ಬೆಳಗಿನ ಪಾಳಿಯಲ್ಲಿ 8.34 ಅನ್ನು 8ಕ್ಕೆ ಇಳಿಸಿರುವುದು ಉದ್ದೇಶಪೂರ್ವಕ. ಉಳಿಯುವ ಸುಮಾರು 1.8 ಗಂಟೆಯ ಕೆಲಸ ಬಹುಪಾಲು ಪ್ರಯೋಗಾಲಯದ ವರದಿ ತರುವುದು ಮತ್ತು ಕಂಪ್ಯೂಟರ್ ನಮೂದು. ಅದನ್ನು ಡಾಟಾ ಎಂಟ್ರಿ ಸಿಬ್ಬಂದಿಗೆ ವಹಿಸಬಹುದು. ರಾತ್ರಿಯ 2.27 ಅನ್ನು ಮಾತ್ರ 2ಕ್ಕೆ ಇಳಿಸಬಾರದೆಂದು ಒತ್ತಿ ಹೇಳಬಯಸುತ್ತೇನೆ.

ಆಗಸ್ಟ್‌ನ ಒಂದು ರಾತ್ರಿ ವಾರ್ಡಿನಲ್ಲಿ 41 ರೋಗಿಗಳಿದ್ದರು, ಪಾಳಿಯಲ್ಲಿದ್ದವರು ಇಬ್ಬರು. ಒಂದೂವರೆಗೆ ಉಸಿರಾಟದ ತೊಂದರೆ ಹೆಚ್ಚಾದ ರೋಗಿಯೊಬ್ಬರನ್ನು ಸಿ.ಟಿ. ಸ್ಕ್ಯಾನ್‌ಗೆ ಕರೆದೊಯ್ಯಬೇಕಾಯಿತು. ಆಮ್ಲಜನಕದ ಸಿಲಿಂಡರಿನೊಂದಿಗೆ ಒಬ್ಬರು ಹೋದರು, ಮರಳುವಾಗ ಮೂರೂಕಾಲು. ಅಷ್ಟು ಹೊತ್ತು 40 ರೋಗಿಗಳ ಜೊತೆ ಉಳಿದವರು ಒಬ್ಬರೇ, ಅದೂ ರಕ್ತ ಏರಿಸುತ್ತಿದ್ದ ರೋಗಿಯ ಪಕ್ಕದಿಂದ ಕದಲಲಾಗದ ಸ್ಥಿತಿಯಲ್ಲಿ. ಬೆಳಗ್ಗೆ ನಾನು ರೌಂಡ್ಸಿಗೆ ಹೋದಾಗ 17ನೇ ಹಾಸಿಗೆಯ ಡೆಂಗಿ ರೋಗಿಯ ಚಾರ್ಟಿನಲ್ಲಿ 2 ಗಂಟೆ ಮತ್ತು 3 ಗಂಟೆಯ ರಕ್ತದೊತ್ತಡದ ಮನೆಗಳು ಖಾಲಿಯಿದ್ದವು. ಆ ಸಿಸ್ಟರ್ ಅವುಗಳಲ್ಲಿ ಅಂದಾಜಿನ ಅಂಕಿ ತುಂಬಿರಲಿಲ್ಲ. ಅವರ ಪ್ರಾಮಾಣಿಕತೆಗೆ ನಾನು ಋಣಿಯಾಗಿದ್ದೇನೆ. ರೋಗಿ ಚೇತರಿಸಿಕೊಂಡು ಮನೆಗೆ ಹೋದರು ನಿಜ, ಆದರೆ ಜ್ವರ ಇಳಿಯುವ ಹೊತ್ತಿನಲ್ಲೇ ರಕ್ತದೊತ್ತಡ ಕುಸಿಯುವ ಅಪಾಯವಿರುವ ಕಾಯಿಲೆಯಲ್ಲಿ ಎರಡು ಗಂಟೆಗಳ ಕತ್ತಲೆಯನ್ನು ಯಾವ ವಾರ್ಡೂ ಒಪ್ಪಿಕೊಳ್ಳಬಾರದು.

ಬೆಳಗಿನ ಪಾಳಿಯ ಒತ್ತಡ ಬೇರೆ ಬಗೆಯದು. 16 ರೋಗಿಗಳಿಗೆ 8 ಗಂಟೆಗೆ ನರದ ಮೂಲಕ ಆ್ಯಂಟಿಬಯೋಟಿಕ್ ಇದೆ ಎಂದುಕೊಳ್ಳೋಣ. ಪುಡಿ ಕರಗಿಸಿ, ಹೆಸರು ನೋಡಿ, ನಿಧಾನವಾಗಿ ಕೊಟ್ಟು, ಸಹಿ ಹಾಕಲು ಒಬ್ಬರಿಗೆ 6 ನಿಮಿಷ. ಇದನ್ನು ಒಬ್ಬರೇ ಮಾಡಿದರೆ 1 ಗಂಟೆ 36 ನಿಮಿಷ. ಕೊನೆಯ ರೋಗಿಗೆ 8ರ ಔಷಧ ತಲುಪುವಾಗ ಒಂಬತ್ತೂವರೆ ದಾಟಿರುತ್ತದೆ. ಅಷ್ಟರಲ್ಲಿ ವೈದ್ಯರ ರೌಂಡ್ಸ್ ಆರಂಭವಾಗಿ ಹೊಸ ಆದೇಶಗಳು ಬರತೊಡಗುತ್ತವೆ.

ಮಧ್ಯಾಹ್ನದ ವಿಷಯದಲ್ಲಿ ಖರ್ಚಿಲ್ಲದ ಒಂದು ಸುಧಾರಣೆ ಸಾಧ್ಯವಿದೆ. ದಿನದ 6 ದಾಖಲಾತಿಗಳಲ್ಲಿ ಸುಮಾರು 4 ಬರುವುದು ಹೊರರೋಗಿ ವಿಭಾಗ ಮುಗಿಯುವ 12ರಿಂದ 4ರ ನಡುವೆ, ಅಂದರೆ ಸರಿಯಾಗಿ ಪಾಳಿ ಬದಲಾಗುವ ಹೊತ್ತಿಗೆ. ಆದ್ದರಿಂದ ಮಧ್ಯಾಹ್ನದ 4 ಮಂದಿಯಲ್ಲಿ ಒಬ್ಬರು 2ರ ಬದಲು 12ಕ್ಕೆ ಬಂದು 6ಕ್ಕೆ ಹೋಗುವಂತೆ ಮೂರು ತಿಂಗಳು ಪ್ರಯೋಗ ಮಾಡಲು ಅನುಮತಿ ಕೋರುತ್ತೇನೆ.

ಹುದ್ದೆಗಳ ಲೆಕ್ಕ

ಸಾಮಾನ್ಯ ದಿನದ 6, 4, 3 ಎಂಬ ಹಂಚಿಕೆಗೆ 36 + 24 + 36 = 96 ಕರ್ತವ್ಯದ ಗಂಟೆಗಳು ಬೇಕು; ವರ್ಷಕ್ಕೆ 35,040. ನಮ್ಮ ಪಾಳಿ ಪಟ್ಟಿಯಲ್ಲಿ ಒಬ್ಬರ ವಾರದ ಸರಾಸರಿ 40 ಗಂಟೆ, ಅಂದರೆ ವರ್ಷಕ್ಕೆ 2,080. ಕಳೆದ ವರ್ಷದ ಹಾಜರಾತಿ ಪುಸ್ತಕದಂತೆ ವಾರದ ರಜೆ ಬಿಟ್ಟು ಗಳಿಕೆ ರಜೆ, ಸಾಂದರ್ಭಿಕ ರಜೆ, ಅನಾರೋಗ್ಯ ಮತ್ತು ತರಬೇತಿಗೆ ಒಬ್ಬರು ಸರಾಸರಿ 46 ದಿನ ಹೊರಗಿದ್ದಾರೆ. ಆ 307 ಗಂಟೆಗಳನ್ನು ಕಳೆದರೆ ಉಳಿಯುವುದು 1,773. ಹೀಗೆ 35,040 ÷ 1,773 = 19.76, ಎಂದರೆ 20 ಮಂದಿ. ಮಂಜೂರಾದ 14 ತುಂಬಿದರೂ ಇನ್ನೂ 6 ಹುದ್ದೆ ಬೇಕಾಗುತ್ತದೆ.

ಇದೇ ಸೂತ್ರವನ್ನು ಈಗಿನ 4, 2, 2ಕ್ಕೆ ಅನ್ವಯಿಸಿದರೆ 12.35 ಬರುತ್ತದೆ, ಇರುವವರು 12. ಅಂದರೆ ಈಗಿನ ದುರ್ಬಲ ಹಂಚಿಕೆಯನ್ನು ನಡೆಸುವುದಕ್ಕೂ ಯಾರಾದರೊಬ್ಬರು ತಮ್ಮ ವಾರದ ರಜೆ ಬಿಟ್ಟುಕೊಡುತ್ತಲೇ ಇರಬೇಕು, ಬಿಟ್ಟುಕೊಡುತ್ತಲೇ ಇದ್ದಾರೆ.

46 ದಿನಗಳಲ್ಲಿ ಹೆರಿಗೆ ರಜೆ ಸೇರಿಲ್ಲ. 180 ದಿನಗಳ ರಜೆಗೆ ಒಬ್ಬರು ಹೋದರೆ ವಾರ್ಡಿಗೆ ಸುಮಾರು 1,029 ಗಂಟೆ ಕಡಿಮೆಯಾಗುತ್ತದೆ. ಅವರು ರಜೆಗೆ ಹೊರಡುವ ಮೊದಲೇ ಬದಲಿ ವ್ಯವಸ್ಥೆ ಆಗಬೇಕೇ ಹೊರತು, ಆ ಹೊರೆಯನ್ನು ಜೊತೆಯವರ ಮೇಲೆ ಹಂಚುವುದು ಅವರಿಗೂ ಮುಜುಗರ, ಉಳಿದವರಿಗೂ ಕಷ್ಟ.

ಮಳೆಗಾಲದ 8, 6, 4ಕ್ಕೆ ದಿನಕ್ಕೆ 132 ಗಂಟೆ ಬೇಕು. ಹೆಚ್ಚುವರಿ 36 ಗಂಟೆಯಂತೆ ಜುಲೈನಿಂದ ಸೆಪ್ಟೆಂಬರ್‌ವರೆಗಿನ 92 ದಿನಕ್ಕೆ 3,312 ಗಂಟೆ. ಈ ಅವಧಿಯಲ್ಲಿ ಒಬ್ಬರಿಂದ ಸಿಗುವುದು ಹೆಚ್ಚೆಂದರೆ 525 ಗಂಟೆ, ಆದ್ದರಿಂದ 7 ಮಂದಿ ಬೇಕು. ಆ ತಿಂಗಳುಗಳಲ್ಲಿ ರೋಗಿಗಳು ಕಡಿಮೆಯಿರುವ ಕಣ್ಣಿನ ವಾರ್ಡ್ ಮತ್ತು ಚರ್ಮರೋಗ ವಾರ್ಡಿನಿಂದ 3 ಮಂದಿಯನ್ನು ನಿಯೋಜಿಸಿ, 4 ಮಂದಿಯನ್ನು ಗುತ್ತಿಗೆಯ ಮೇಲೆ ತೆಗೆದುಕೊಳ್ಳುವುದು ಸೂಕ್ತ. ಗುತ್ತಿಗೆಯವರು ಜೂನ್ 15ರೊಳಗೆ ಬಂದರೆ ಮಾತ್ರ ವಾರ್ಡಿನ ರೂಢಿ ಕಲಿಯಲು ಎರಡು ವಾರ ಸಿಗುತ್ತದೆ.

ಮಲೆನಾಡಿನ ಜಿಲ್ಲೆಯಾದ ನಮಗೆ ಬೇಸಿಗೆಯೂ ನಿರಾಳವಲ್ಲ. ಡಿಸೆಂಬರ್‌ನಿಂದ ಮೇ ತನಕ ಮಂಗನ ಕಾಯಿಲೆಯ ಕಾಲ. ಮಕ್ಕಳ ಶಾಲೆಗೆ ರಜೆಯೆಂದು ಗಳಿಕೆ ರಜೆಯ ಅರ್ಜಿಗಳು ಬರುವುದೂ ಏಪ್ರಿಲ್–ಮೇ ತಿಂಗಳಲ್ಲೇ. ಇದು ನ್ಯಾಯವಾದ ಕೋರಿಕೆ; ಆದ್ದರಿಂದ ರಜೆಯ ಪಟ್ಟಿಯನ್ನು ಜನವರಿಯಲ್ಲೇ ಸಿದ್ಧಪಡಿಸಿ, ಒಂದೇ ವಾರದಲ್ಲಿ ಮೂವರಿಗಿಂತ ಹೆಚ್ಚು ಮಂದಿ ಹೊರಗಿರದಂತೆ ಸರದಿ ಮಾಡಲಾಗುವುದು.

ಸಂಖ್ಯೆ ಸರಿಯಿದ್ದರೂ ಅನುಭವದ ಹಂಚಿಕೆ ತಪ್ಪಬಾರದು. ಪ್ರತಿ ಪಾಳಿಯಲ್ಲಿ ಮೂರು ವರ್ಷ ಮೀರಿ ಕೆಲಸ ಮಾಡಿದ ಒಬ್ಬರಾದರೂ ಇರಬೇಕು. ರಾತ್ರಿ ಪಾಳಿಯಲ್ಲಿ ಹೊಸಬರು ಒಬ್ಬರಿಗಿಂತ ಹೆಚ್ಚಿರಬಾರದು.

ಗ್ರೂಪ್ ಡಿ ನೌಕರರು ಈಗ 7 ಮಂದಿ. ಬೆಳಗ್ಗೆ 3, ಮಧ್ಯಾಹ್ನ 2, ರಾತ್ರಿ 2 ಎಂದಾದರೆ ದಿನಕ್ಕೆ 54 ಗಂಟೆ, ಅದೇ ಲೆಕ್ಕದಲ್ಲಿ 11 ಮಂದಿ ಬೇಕು. ಟ್ರಾಲಿ ತಳ್ಳುವವರಿಲ್ಲದಾಗ ತಳ್ಳುವುದು ಸಿಸ್ಟರೇ.

ಹಂತ ಹಂತವಾಗಿ ಆಗಬೇಕಾದದ್ದು

ಎಲ್ಲ ಹುದ್ದೆಗಳೂ ಒಮ್ಮೆಗೇ ಸಿಗುವುದು ಕಷ್ಟವೆಂದು ಬಲ್ಲೆ. ರಾತ್ರಿಗೆ ಮೂರನೆಯವರನ್ನು ಹಾಕಲು ವರ್ಷಕ್ಕೆ 4,380 ಗಂಟೆ, ಅಂದರೆ 2.47 ಮಂದಿ ಬೇಕು. ಬೆಳಗ್ಗೆ ಇಬ್ಬರನ್ನು ಹೆಚ್ಚಿಸಲೂ ಅಷ್ಟೇ, ಮಧ್ಯಾಹ್ನಕ್ಕೂ ಅಷ್ಟೇ. ಆದ್ದರಿಂದ ಮೊದಲು ಸಿಗುವ 3 ಮಂದಿಯನ್ನು ರಾತ್ರಿ ಪಾಳಿಯ ಬಲಕ್ಕೇ ಬಳಸಬೇಕು, ಎರಡನೇ ಹಂತದಲ್ಲಿ ಬೆಳಗ್ಗೆ, ಬಳಿಕ ಮಧ್ಯಾಹ್ನ. ಖಾಲಿಯಿರುವ ಒಂದು ಹುದ್ದೆಗೆ ನೇಮಕವಾಗಿ, ಮಾರ್ಚ್‌ನಲ್ಲಿ ರಜೆಯಿಂದ ಒಬ್ಬರು ಮರಳಿದರೆ ಇಬ್ಬರು ಸಿಕ್ಕಂತಾಯಿತು. ಇನ್ನೊಬ್ಬರನ್ನು ತಮ್ಮ ಹಂತದಲ್ಲೇ ನಿಯೋಜಿಸಿದರೆ 2026ರ ಏಪ್ರಿಲ್ 1ರಿಂದ ಮಹಿಳಾ ವೈದ್ಯಕೀಯ ವಾರ್ಡಿನ ರಾತ್ರಿ ಪಾಳಿಯಲ್ಲಿ ಮೂವರು ಇರುವಂತೆ ಪಾಳಿ ಪಟ್ಟಿ ಹೊರಡಿಸಲು ನಾನು ಸಿದ್ಧಳಿದ್ದೇನೆ.

ತಮ್ಮ ವಿಶ್ವಾಸಿ,
ಶುಶ್ರೂಷಾ ಅಧೀಕ್ಷಕರು