ಖಣ, ಇಳಕಲ್, ಖಾದಿ, ಕಸೂತಿ: ವೇದಿಕೆಯ ನಿರೂಪಣೆ

ಗಣ್ಯರಿಗೂ ಸಹಪಾಠಿಗಳಿಗೂ ನಮಸ್ಕಾರ. ವಸ್ತ್ರವಿನ್ಯಾಸ ವಿಭಾಗದ ಅಂತಿಮ ವರ್ಷದ ವಿದ್ಯಾರ್ಥಿಗಳು ಉತ್ತರ ಕರ್ನಾಟಕದ ನೇಯ್ಗೆ ಮತ್ತು ಹೊಲಿಗೆಗಳನ್ನು ಬಳಸಿ ರೂಪಿಸಿದ ಉಡುಪುಗಳು ಈಗ ವೇದಿಕೆಗೆ ಬರಲಿವೆ.

ಮೊದಲನೆಯದು, ಸೊಂಟದಿಂದ ಕೆಳಕ್ಕೆ ಅಗಲವಾಗುತ್ತ ಹೋಗುವ ಎ-ಲೈನ್ ಉಡುಪು. ಬಟ್ಟೆ ಗುಳೇದಗುಡ್ಡದ ಖಣ. ರವಿಕೆಗೆಂದು ನೇಯುವ ಈ ಬಟ್ಟೆಯನ್ನು ಕಲಿಗಳೆಂಬ ಉದ್ದ ಪಟ್ಟಿಗಳಾಗಿ ಕತ್ತರಿಸಿ ಜೋಡಿಸಿರುವುದರಿಂದ ಅದರ ಅಂಚುಗಳೇ ಉದ್ದನೆಯ ಗೆರೆಗಳಾಗಿವೆ. ಇದರ ಭಾವ ಜಾತ್ರೆಯ ಸಡಗರ.

ಎರಡನೆಯದು, ಹೆಗಲಿನಿಂದ ಪಾದದವರೆಗೆ ನೇರವಾಗಿ ಇಳಿಯುವ ಗೌನ್. ಇಳಕಲ್ ಸೀರೆಯಿಂದ ಹೊಲಿದದ್ದು. ಹತ್ತಿಯ ಒಡಲಿನ ಹಾಸೆಳೆಗಳನ್ನು, ಅಂದರೆ ಉದ್ದಕ್ಕೆ ಹಾಯುವ ಎಳೆಗಳನ್ನು, ರೇಷ್ಮೆಯ ಸೆರಗಿನ ಹಾಸೆಳೆಗಳೊಂದಿಗೆ ಕೊಂಡಿ ಹಾಕಿ ಕೂಡಿಸುವುದು ಅಲ್ಲಿನ ನೇಕಾರರ ಜಾಣ್ಮೆಯಾಗಿದ್ದು, ವಿನ್ಯಾಸಕಿಯು ಆ ಕೂಡುವೆಡೆಯನ್ನು ಹೊಲಿಗೆಯೊಳಗೆ ಮುಚ್ಚದೆ ಹೆಗಲ ಮೇಲೆಯೇ ಕಾಣುವಂತೆ ಇರಿಸಿದ್ದಾರೆ. ರೂಪದರ್ಶಿಯು ತಿರುಗಿದಾಗ ಬೆನ್ನಿಗಿಳಿದ ಕೆಂಪು ಸೆರಗಿನ ಬಿಳಿ ತೋಪತೆನಿ ವಿನ್ಯಾಸವನ್ನು ದಯವಿಟ್ಟು ಗಮನಿಸಿ. ಇದರದು ಗಾಂಭೀರ್ಯ, ಸಂಗೀತವೂ ಇಲ್ಲಿ ನಿಧಾನಗತಿಯದು.

ಮೂರನೆಯದು ಪುರುಷರ ಉಡುಪು: ಒರಟು ಖಾದಿಯ ಸಡಿಲ ಕೋಟು, ನಿರಾಳ ಭಾವ.

ಕೊನೆಯದು, ಕಪ್ಪು ಚಂದ್ರಕಾಳಿ ಸೀರೆಯ ಬಟ್ಟೆಯ ಮೇಲೆ ಕಸೂತಿ ಹಾಕಿದ, ಸೊಂಟದ ಮೇಲೆಯೇ ನಿಲ್ಲುವ ಗಿಡ್ಡ ಜಾಕೆಟ್ ಮತ್ತು ಘೇರಿನ ಲಂಗ. ಗಂಟಿಲ್ಲದೆ ಎಳೆ ಎಣಿಸಿ ಹಾಕುವ ಗವಂತಿ ಹೊಲಿಗೆಯು ಎರಡೂ ಬದಿಗೆ ಒಂದೇ ತೆರನಾಗಿ ಕಾಣುವುದರಿಂದ ಜಾಕೆಟ್ಟಿಗೆ ಒಳಬಟ್ಟೆ ಕೊಟ್ಟಿಲ್ಲ. ಇದರದು ಹಬ್ಬದ ರಾತ್ರಿಯ ಬೆರಗು.

ಎಲ್ಲ ರೂಪದರ್ಶಿಗಳೂ ವಿನ್ಯಾಸಕರೂ ವೇದಿಕೆಗೆ ಬರಬೇಕೆಂದು ಕೋರುತ್ತೇನೆ.