ಶರಣಪ್ಪ ಅವರ ಸಾವಿನ ಕಾರಣ: ಚಿಕಿತ್ಸೆ ಕೊಟ್ಟ ವೈದ್ಯನ ಹೇಳಿಕೆ

ಕಲಬುರಗಿ
18 ಜೂನ್ 2024

ವಿಮಾ ಕಂಪನಿಯ ಕ್ಲೇಮ್ ವಿಭಾಗದವರಿಗೆ,

ಶರಣಪ್ಪ, ವಯಸ್ಸು 46, ಆಳಂದ ತಾಲ್ಲೂಕಿನವರು, ಇಲ್ಲಿನ ಗಂಜ್‌ನ ದಾಲ್ ಮಿಲ್ ಒಂದರಲ್ಲಿ ಹಮಾಲರು. ಅವರು 2024ರ ಮೇ 4ರಂದು ಬೆಳಗಿನ ಜಾವ 3.40ಕ್ಕೆ ನಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡರು. ಕೊನೆಯ ಎರಡು ದಿನ ಅವರಿಗೆ ಚಿಕಿತ್ಸೆ ಕೊಟ್ಟವನು ನಾನು. ಮರಣದ ಕಾರಣ ತಿಳಿಸುವ ನಮೂನೆ 4ನ್ನು ಬರೆದವನೂ ನಾನೇ. ಅದರಲ್ಲಿ "ರಕ್ತದೊತ್ತಡ" ಎಂಬ ಪದ ಇದೆ ಎಂದು ನೀವು ಅವರ ಪತ್ನಿ ಮಹಾದೇವಿ ಅವರಿಗೆ ಪತ್ರ ಬರೆದು ವಿವರಣೆ ಕೇಳಿದ್ದೀರಿ. ಆ ಪದ ನನ್ನದು, ಹಾಗಾಗಿ ಉತ್ತರವೂ ನನ್ನಿಂದಲೇ ಬರಬೇಕು. ಮನೆಯವರೂ ಓದಲಿ ಎಂದು ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಸಾವಿಗೆ ಕಾರಣ ಬಿಸಿಲಿನ ಹೊಡೆತ, ಅಂದರೆ ಹೀಟ್ ಸ್ಟ್ರೋಕ್. ಅದರಿಂದ ಕಿಡ್ನಿ, ಲಿವರ್ ಮತ್ತು ರಕ್ತ ಹೆಪ್ಪುಗಟ್ಟುವ ವ್ಯವಸ್ಥೆ ಒಂದರ ಹಿಂದೆ ಒಂದು ಕೆಟ್ಟವು.

ಮೇ 2ರಂದು ಮಧ್ಯಾಹ್ನ 3.15ಕ್ಕೆ ಜೊತೆಯ ಹಮಾಲರು ಅವರನ್ನು ಟಂಟಂನಲ್ಲಿ ಕರೆತಂದರು. ಬೆಳಗಿನಿಂದ ಲಾರಿಗೆ ತೊಗರಿ ಮೂಟೆ ಹೇರುತ್ತಿದ್ದರು, ಎರಡೂವರೆ ಸುಮಾರಿಗೆ ಏನೇನೋ ಮಾತಾಡಿ ಕುಸಿದರು ಎಂದು ಅವರು ಹೇಳಿದರು. ಬಂದಾಗ ಪ್ರಜ್ಞೆ ಇರಲಿಲ್ಲ. ಗುದದ್ವಾರದಲ್ಲಿ ಅಳೆದ ಉಷ್ಣತೆ 41.6 ಡಿಗ್ರಿ ಸೆಲ್ಸಿಯಸ್. ಹತ್ತು ನಿಮಿಷದಲ್ಲಿ ಫಿಟ್ಸ್ ಬಂತು. ಮೈಮೇಲೆ ನೀರು ಸಿಂಪಡಿಸಿ ಫ್ಯಾನ್ ಹಾಕಿದೆವು, ಕಂಕುಳು, ತೊಡೆಸಂದಿಯಲ್ಲಿ ಐಸ್ ಇಟ್ಟೆವು. ಮುಕ್ಕಾಲು ಗಂಟೆಯಲ್ಲಿ ಉಷ್ಣತೆ 39ಕ್ಕೆ ಇಳಿಯಿತು. ಪ್ರಜ್ಞೆ ಮಾತ್ರ ಮರಳಲಿಲ್ಲ.

ಮಲೇರಿಯಾ, ಡೆಂಗಿ ಪರೀಕ್ಷೆಗಳಲ್ಲಿ ಏನೂ ಸಿಗಲಿಲ್ಲ. ತಲೆಯ ಸಿ.ಟಿ. ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಇರಲಿಲ್ಲ. ಇಸಿಜಿಯಲ್ಲಿ ಹೃದಯಾಘಾತದ ಗುರುತು ಇರಲಿಲ್ಲ. ಮರುದಿನ ಸಂಜೆಗೆ, ಕಿಡ್ನಿ ಕೆಟ್ಟಾಗ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 1.5ರಿಂದ 4.2ಕ್ಕೆ ಏರಿತು, ಪ್ಲೇಟ್‌ಲೆಟ್ 1,60,000ದಿಂದ 34,000ಕ್ಕೆ ಬಿತ್ತು. ವೆಂಟಿಲೇಟರ್ ಮೇಲಿದ್ದರು. ಒಸಡಿನಿಂದ ರಕ್ತ ಬರತೊಡಗಿದಾಗಲೇ ಮನೆಯವರನ್ನು ಕೂರಿಸಿ ಇದ್ದದ್ದನ್ನು ಇದ್ದಂತೆ ಹೇಳಿದ್ದೆ.

ಇನ್ನು ಬಿಪಿ ವಿಷಯ. ಶರಣಪ್ಪ ಅವರಿಗೆ ಬಿಪಿ ಇತ್ತು, ಅದನ್ನು ಮುಚ್ಚಿಡುವ ಮಾತೇ ಇಲ್ಲ. ನಮ್ಮ ಓಪಿಡಿಯಲ್ಲಿ ಅದು ಮೊದಲು ಕಂಡದ್ದು 2023ರ ಆಗಸ್ಟ್ 11ರಂದು, 152/96. ಪಾಲಿಸಿ ಶುರುವಾದದ್ದು 2022ರ ಫೆಬ್ರವರಿಯಲ್ಲಿ ಎಂದು ನಿಮ್ಮ ಪತ್ರವೇ ಹೇಳುತ್ತದೆ. ಅದಕ್ಕೂ ಮೊದಲು, 2021ರ ಜನವರಿಯಲ್ಲಿ, ಜ್ವರಕ್ಕೆಂದು ಬಂದಾಗ 126/82 ಇತ್ತು. ಈ ಎರಡು ಭೇಟಿಗಳ ನಡುವೆ ಅವರು ನಮ್ಮಲ್ಲಿಗೆ ಬಂದಿಲ್ಲ, ಆದ್ದರಿಂದ ಆ ಅವಧಿಯ ಬಗ್ಗೆ ನಾನು ಏನೂ ಹೇಳಲಾರೆ.

ನಮೂನೆ 4ರ ಮೊದಲ ಭಾಗದಲ್ಲಿ ಸಾವಿಗೆ ಕರೆದೊಯ್ದ ಸರಪಳಿಯನ್ನು ಬರೆಯಬೇಕು. ಅಲ್ಲಿ ಹೀಟ್ ಸ್ಟ್ರೋಕ್ ಇದೆ, ಬಿಪಿ ಇಲ್ಲ. ಎರಡನೇ ಭಾಗ, ಜೊತೆಗಿದ್ದು ಸಾವಿಗೆ ಒಂದಿಷ್ಟು ಪಾಲು ಕೊಟ್ಟಿರಬಹುದಾದ ಬೇರೆ ಕಾಯಿಲೆಗಳಿಗೆ. ರಾತ್ರಿ ಪಾಳಿಯ ಕೊನೆಗೆ, ಏನೂ ಬಿಟ್ಟುಹೋಗದಿರಲಿ ಎಂದು ಬಿಪಿಯನ್ನು ಅಲ್ಲಿ ಸೇರಿಸಿದೆ. ಈಗ ಕೇಸ್ ಶೀಟ್ ಮತ್ತೆ ಓದಿದ್ದೇನೆ. ಅವರು ತೆಗೆದುಕೊಳ್ಳುತ್ತಿದ್ದದ್ದು ಅಮ್ಲೋಡಿಪಿನ್ 5 ಮಿ.ಗ್ರಾಂ. ಮಾತ್ರ. ಮೂತ್ರ ಜಾಸ್ತಿ ಮಾಡುವ ಮಾತ್ರೆಯಾಗಿದ್ದರೆ ಬಿಸಿಲಲ್ಲಿ ನೀರಿನಂಶ ಬೇಗ ಇಳಿಯಿತು ಎನ್ನಬಹುದಿತ್ತು. ಇದು ಆ ಜಾತಿಯ ಮಾತ್ರೆ ಅಲ್ಲ. ಏಪ್ರಿಲ್‌ನ ಕೊನೆಯ ಭೇಟಿಯಲ್ಲಿ ಬಿಪಿ 134/84 ಇತ್ತು, ಕ್ರಿಯಾಟಿನಿನ್ 0.9. ಬಿಪಿ ಈ ಸಾವಿಗೆ ಕಾರಣವಾಯಿತು ಎನ್ನಲು ನನ್ನ ದಾಖಲೆಗಳಲ್ಲಿ ಆಧಾರ ಇಲ್ಲ.

ಕುಡಿತದ ಬಗ್ಗೆಯೂ ಕೇಳಿದ್ದೀರಿ. ದಾಖಲಾದಾಗ ಬಾಯಲ್ಲಿ ಮದ್ಯದ ವಾಸನೆ ಇರಲಿಲ್ಲ ಎಂದು ಆಗಲೇ ಬರೆದಿದೆ. ರಕ್ತದಲ್ಲಿ ಮದ್ಯದ ಪರೀಕ್ಷೆ ಮಾಡಿಸಿಲ್ಲ. ಮೈಮೇಲೆ ಗಾಯ ಇರಲಿಲ್ಲ. ಮರಣೋತ್ತರ ಪರೀಕ್ಷೆ ಆಗಿಲ್ಲ. ಇದನ್ನು ಅಪಘಾತ ಎನ್ನಬೇಕೋ ಬೇಡವೋ ಎಂಬುದು ನಿಮ್ಮ ಪಾಲಿಸಿಯ ಷರತ್ತಿನ ಪ್ರಶ್ನೆ. ಅದನ್ನು ನನ್ನಿಂದ ಹೇಳಿಸಬೇಡಿ.

ಇನ್ನೊಂದು ಮಾತು, ಇದು ನೀವು ಕೇಳಿದ್ದಲ್ಲ. "ಸಾಹೇಬ್ರ, ಅವತ್ತು ಕೆಲ್ಸಕ್ಕ ಹೋಗಬ್ಯಾಡ್ರಿ ಅಂದಿದ್ರ ಉಳೀತಿದ್ರೇನ್ರಿ?" ಎಂದು ಮಹಾದೇವಿ ಅವರು ನನ್ನನ್ನು ಎರಡು ಸಲ ಕೇಳಿದ್ದಾರೆ. ಬೆಳಿಗ್ಗೆ ಹೋಗುವಾಗ ಶರಣಪ್ಪ ಅವರಿಗೆ ಜ್ವರ ಇರಲಿಲ್ಲ, ರೊಟ್ಟಿ ತಿಂದೇ ಹೋಗಿದ್ದರು ಎಂದು ಅವರೇ ಹೇಳಿದ್ದಾರೆ. ತಡೆಯಲು ಮನೆಯಲ್ಲಿ ಯಾವ ಸೂಚನೆಯೂ ಇರಲಿಲ್ಲ. ಕುಸಿದ ಮೇಲೆ ಮುಕ್ಕಾಲು ಗಂಟೆಯಲ್ಲಿ ಆಸ್ಪತ್ರೆಗೆ ತಂದಿದ್ದಾರೆ. ಮನೆಯವರ ಕಡೆಯಿಂದ ತಡವಾಗಲಿ, ಅಲಕ್ಷ್ಯವಾಗಲಿ ನನಗೆ ಕಂಡಿಲ್ಲ. ಇದೂ ದಾಖಲೆಯಲ್ಲಿರಲಿ.

ಕೇಸ್ ಶೀಟ್, ಲ್ಯಾಬ್ ವರದಿಗಳು ಮತ್ತು ಮೂರು ಓಪಿಡಿ ಭೇಟಿಗಳ ಪ್ರತಿಗಳನ್ನು ಮಹಾದೇವಿ ಅವರ ಒಪ್ಪಿಗೆ ಪಡೆದು ಲಗತ್ತಿಸಿದ್ದೇನೆ. ಮುಂದೆ ವೈದ್ಯಕೀಯ ಪ್ರಶ್ನೆ ಇದ್ದರೆ ನೇರವಾಗಿ ನನ್ನನ್ನೇ ಕೇಳಿ. ಅದಕ್ಕಾಗಿ ಅವರನ್ನು ಆಳಂದದಿಂದ ಮತ್ತೆ ಓಡಾಡಿಸಬೇಡಿ.

ಚಿಕಿತ್ಸೆ ಕೊಟ್ಟ ವೈದ್ಯ
ಜನರಲ್ ಮೆಡಿಸಿನ್ ವಿಭಾಗ, ಕಲಬುರಗಿ