ತುಂಗಾತೀರ ಮೆಡಿಕಲ್ಸ್, ತೀರ್ಥಹಳ್ಳಿ: ಗ್ರಾಹಕರಿಗೆ ಕಳುಹಿಸುವ ಎಸ್ಸೆಮ್ಮೆಸ್‌ಗಳು, ಜೂನ್‌ನಿಂದ ಜನವರಿವರೆಗೆ

ಕೌಂಟರ್ ಸಿಬ್ಬಂದಿಯ ಗಮನಕ್ಕೆ: ಕೆಳಗಿನ ಸಂದೇಶಗಳು ಡಿಎಲ್‌ಟಿ ಎಂಬ ಎಸ್ಸೆಮ್ಮೆಸ್ ನೋಂದಣಿ ವ್ಯವಸ್ಥೆಯಲ್ಲಿ ನೋಂದಣಿಯಾಗಿರುವ ಪಠ್ಯಗಳಾದ್ದರಿಂದ ಇವುಗಳನ್ನು ಇದ್ದಂತೆಯೇ ಕಳುಹಿಸಬೇಕು, ನಮ್ಮಷ್ಟಕ್ಕೆ ನಾವು ಒಂದು ಸಾಲು ಸೇರಿಸಿದರೆ ಅದು ಗ್ರಾಹಕರನ್ನು ತಲುಪುವ ಮೊದಲೇ ತಡೆಹಿಡಿಯಲ್ಪಡುತ್ತದೆ. ಕನ್ನಡದ ಒಂದು ಎಸ್ಸೆಮ್ಮೆಸ್‌ನಲ್ಲಿ 70 ಸ್ಥಾನಗಳಷ್ಟೇ ಇರುತ್ತವೆ, ಸಂದೇಶ ಉದ್ದವಾಗಿ ಹಲವು ಭಾಗಗಳಾದರೆ ಭಾಗಕ್ಕೆ 67 ಮಾತ್ರ ಸಿಗುತ್ತವೆ, ಮತ್ತು ಕೊಂಬು, ಗುಡಿಸು, ಸೊನ್ನೆ ಒಂದೊಂದು ಸ್ಥಾನವನ್ನೂ ಒತ್ತು ಎರಡು ಸ್ಥಾನಗಳನ್ನೂ ಹಿಡಿಯುತ್ತವೆ. ಹಾಗಾಗಿ ಯಾವ ಸಂದೇಶವೂ ನಾಲ್ಕು ಭಾಗಗಳನ್ನು ಮೀರದಂತೆ ಬರೆಯಲಾಗಿದೆ. ಕಳುಹಿಸುವ ವೇಳೆ ಬೆಳಿಗ್ಗೆ 11ರಿಂದ ಸಂಜೆ 5ರವರೆಗೆ.

ಕೌಂಟರಿನಲ್ಲಿ ಒಪ್ಪಿಗೆಯ ಪುಸ್ತಕಕ್ಕೆ ಸಹಿ ಹಾಕಿದವರಿಗೆ ಅದೇ ದಿನ ಹೋಗುವ ಸಂದೇಶ:

"ತುಂಗಾತೀರ ಮೆಡಿಕಲ್ಸ್: ನಮ್ಮ ರಿಯಾಯಿತಿಗಳ ಮಾಹಿತಿ ಪಡೆಯಲು ನೀವು ಇಂದು ಒಪ್ಪಿಗೆ ನೀಡಿದ್ದೀರಿ. ತಿಂಗಳಿಗೆ 2ಕ್ಕಿಂತ ಹೆಚ್ಚು ಸಂದೇಶ ಬರುವುದಿಲ್ಲ. ಒಪ್ಪಿಗೆ ನಿಮ್ಮದಲ್ಲವಾದರೆ ಅಥವಾ ಸಂದೇಶ ಬೇಡವಾದರೆ STOP ಎಂದು 56990ಕ್ಕೆ ಕಳುಹಿಸಿ."

ಬಿಲ್ ಮಾಡುವಾಗ ಬರೆದುಕೊಂಡ ಮೊಬೈಲ್ ಸಂಖ್ಯೆಯನ್ನು ಒಪ್ಪಿಗೆ ಎಂದು ಎಣಿಸುವಂತಿಲ್ಲ. ಬಿಲ್ಲಿಗೆ ಕೊಟ್ಟ ಸಂಖ್ಯೆ ಬಿಲ್ಲಿಗಷ್ಟೇ.

ಜೂನ್ ಮೊದಲ ವಾರ:

"ತುಂಗಾತೀರ ಮೆಡಿಕಲ್ಸ್: ಥರ್ಮಾಮೀಟರ್, ಸೊಳ್ಳೆ ನಿವಾರಕ ಕ್ರೀಮ್ ಮತ್ತು ಸೊಳ್ಳೆ ಪರದೆಗಳಿಗೆ ಜೂನ್ 30ರವರೆಗೆ ಎಂಆರ್‌ಪಿ ಮೇಲೆ 10% ರಿಯಾಯಿತಿ ಇದೆ. ಜ್ವರ ಎರಡು ದಿನ ಬಿಡದಿದ್ದರೆ ದಯವಿಟ್ಟು ವೈದ್ಯರಿಗೆ ತೋರಿಸಿ. ಸಂದೇಶ ಬೇಡವಾದರೆ STOP ಎಂದು 56990ಕ್ಕೆ ಕಳುಹಿಸಿ."

ಜುಲೈ, ಮಳೆ ಹಿಡಿದುಕೊಂಡ ಮೇಲೆ:

"ತುಂಗಾತೀರ ಮೆಡಿಕಲ್ಸ್: ಓಆರ್‌ಎಸ್ 5 ಪೊಟ್ಟಣ ಕೊಂಡರೆ 1 ಪೊಟ್ಟಣ ಉಚಿತ, ಜುಲೈ 31ರವರೆಗೆ. 1 ಲೀಟರಿನ ಪೊಟ್ಟಣವನ್ನು ಪೂರ್ತಿಯಾಗಿ 1 ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಿ, ಅದೇ ದಿನ ಬಳಸಿ. ಸಂದೇಶ ಬೇಡವಾದರೆ STOP ಎಂದು 56990ಕ್ಕೆ ಕಳುಹಿಸಿ."

ಅರ್ಧ ಪೊಟ್ಟಣವನ್ನು ಒಂದು ಲೋಟಕ್ಕೆ ಹಾಕಿ ಮಗುವಿಗೆ ಕುಡಿಸುವ ಅಭ್ಯಾಸ ಇನ್ನೂ ಇದೆ, ಅದರಿಂದ ಉಪ್ಪಿನ ಪ್ರಮಾಣ ಹೆಚ್ಚಾಗಿ ಭೇದಿ ಇನ್ನಷ್ಟು ಕೆಡಬಹುದು. ರಿಯಾಯಿತಿಯ ಸಂದೇಶದಲ್ಲಿ ಈ ಮಾತಿಗೆ ಜಾಗ ಮಾಡಿಕೊಂಡಿರುವುದು ಅದಕ್ಕಾಗಿಯೇ. ಪೊಟ್ಟಣ ಕೊಡುವಾಗ ಬಾಯಿಮಾತಿನಲ್ಲಿಯೂ ಹೇಳಿ.

ಆಗಸ್ಟ್:

"ತುಂಗಾತೀರ ಮೆಡಿಕಲ್ಸ್: ಬಿಪಿ ಯಂತ್ರಗಳಿಗೆ ಆಗಸ್ಟ್ 31ರವರೆಗೆ 15% ರಿಯಾಯಿತಿ. ಶನಿವಾರ ಬೆಳಿಗ್ಗೆ 10ರಿಂದ 1ರವರೆಗೆ ಅಂಗಡಿಯಲ್ಲಿ ಬಿಪಿ ಉಚಿತವಾಗಿ ನೋಡಲಾಗುವುದು. ಅದಕ್ಕೆ ಅರ್ಧ ಗಂಟೆ ಮೊದಲು ಕಾಫಿ ಕುಡಿಯಬೇಡಿ. ಸಂದೇಶ ಬೇಡವಾದರೆ STOP ಎಂದು 56990ಕ್ಕೆ ಕಳುಹಿಸಿ."

ಈ ಸಂದೇಶ ಪಟ್ಟಿಯಲ್ಲಿರುವ ಎಲ್ಲರಿಗೂ ಹೋಗಬೇಕು. ಬಿಪಿ ಮಾತ್ರೆ ಕೊಳ್ಳುವವರನ್ನು ಆರಿಸಿ ಅವರಿಗಷ್ಟೇ ಕಳುಹಿಸಿದರೆ ಸಂದೇಶವೇ ಅವರ ಕಾಯಿಲೆಯನ್ನು ಸಾರಿದಂತಾಗುತ್ತದೆ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಒಂದೇ ಮೊಬೈಲ್ ಇದ್ದು, ಅದು ಸೊಸೆಯ ಕೈಯಲ್ಲೋ ಶಾಲೆಗೆ ಹೋಗುವ ಹುಡುಗನ ಕೈಯಲ್ಲೋ ಇರುತ್ತದೆ, ಮತ್ತು ಸಂದೇಶದ ಮೊದಲ ಸಾಲು ಲಾಕ್ ಆಗಿರುವ ಪರದೆಯ ಮೇಲೂ ಕಾಣುತ್ತದೆ. ತಿಂಗಳ ಮಾತ್ರೆಯನ್ನು ನೆನಪಿಸುವ ಸಂದೇಶದಲ್ಲಿ ಮಾತ್ರೆಯ ಹೆಸರಾಗಲಿ ಕಾಯಿಲೆಯ ಹೆಸರಾಗಲಿ ಇಲ್ಲದಿರುವುದೂ ಇದೇ ಕಾರಣಕ್ಕೆ:

"ತುಂಗಾತೀರ ಮೆಡಿಕಲ್ಸ್: ನೀವು ಕೇಳಿಕೊಂಡಿದ್ದಂತೆ ಈ ತಿಂಗಳ ನೆನಪೋಲೆ. ಅಂಗಡಿಗೆ ಬರುವಾಗ ವೈದ್ಯರ ಚೀಟಿಯನ್ನು ತನ್ನಿ. ನೆನಪೋಲೆ ಮಾತ್ರ ಬೇಡವಾದರೆ STOP 2 ಎಂದು, ಯಾವ ಸಂದೇಶವೂ ಬೇಡವಾದರೆ STOP ಎಂದು 56990ಕ್ಕೆ ಕಳುಹಿಸಿ."

ನೆನಪೋಲೆಗೆ ಒಪ್ಪಿಗೆಯ ಪುಸ್ತಕದಲ್ಲಿ ಬೇರೆ ಕಾಲಂ ಇದೆ. ರಿಯಾಯಿತಿ ಸಂದೇಶಕ್ಕೆ ಒಪ್ಪಿದವರು ಇದಕ್ಕೂ ಒಪ್ಪಿದ್ದಾರೆಂದು ಭಾವಿಸಬಾರದು. ನೆನಪೋಲೆಯೊಳಗೆ ರಿಯಾಯಿತಿಯ ಮಾತನ್ನು ತುರುಕಲೂಬಾರದು.

ಅಕ್ಟೋಬರ್ ಕೊನೆ, ಕೊನೆಕೊಯ್ಲು ಶುರುವಾಗುವ ಹೊತ್ತಿಗೆ:

"ತುಂಗಾತೀರ ಮೆಡಿಕಲ್ಸ್: ಅಡಿಕೆ ಸುಲಿಯುವ ಮನೆಗಳಿಗಾಗಿ ಹತ್ತಿ, ಬ್ಯಾಂಡೇಜ್, ಕತ್ತರಿ, ಗಾಯ ತೊಳೆಯುವ ದ್ರಾವಣವಿರುವ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ನವೆಂಬರ್ 30ರವರೆಗೆ 240 ರೂ. ಆಳವಾದ ಗಾಯವನ್ನು ವೈದ್ಯರಿಗೆ ತೋರಿಸಿ. ಸಂದೇಶ ಬೇಡವಾದರೆ STOP ಎಂದು 56990ಕ್ಕೆ ಕಳುಹಿಸಿ."

ಎಳ್ಳಮಾವಾಸ್ಯೆ ಜಾತ್ರೆಗೆ ಮೂರು ದಿನ ಮೊದಲು:

"ತುಂಗಾತೀರ ಮೆಡಿಕಲ್ಸ್: ಎಳ್ಳಮಾವಾಸ್ಯೆ ಜಾತ್ರೆಯ ದಿನಗಳಲ್ಲಿ ಅಂಗಡಿ ರಾತ್ರಿ 11ರವರೆಗೆ ತೆರೆದಿರುತ್ತದೆ. ಸಂದೇಶ ಬೇಡವಾದರೆ STOP ಎಂದು 56990ಕ್ಕೆ ಕಳುಹಿಸಿ."

ಜನವರಿ:

"ತುಂಗಾತೀರ ಮೆಡಿಕಲ್ಸ್: ಕಾಡಿಗೆ ಹೋಗುವವರು ಉಣುಗು ಕಚ್ಚದಂತೆ ಹಚ್ಚಿಕೊಳ್ಳುವ ಡೆಪಾ ಎಣ್ಣೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಕೇಳಿ ಪಡೆಯಿರಿ. ಕೈಗವಸುಗಳಿಗೆ ನಮ್ಮಲ್ಲಿ 10% ರಿಯಾಯಿತಿ ಇದೆ. ಸಂದೇಶ ಬೇಡವಾದರೆ STOP ಎಂದು 56990ಕ್ಕೆ ಕಳುಹಿಸಿ."

ಸರ್ಕಾರ ಉಚಿತವಾಗಿ ಕೊಡುವುದನ್ನು ಹೇಳದೆ ಅದರ ಪಕ್ಕದಲ್ಲಿ ನಮ್ಮ ಸರಕನ್ನು ಮಾರುವುದು ಮಂಗನ ಕಾಯಿಲೆಯ ಸೀಮೆಯಲ್ಲಿ ಔಷಧ ಅಂಗಡಿಗೆ ಶೋಭಿಸುವುದಿಲ್ಲ. ಅದೇ ರೀತಿ, ವಿತರಕರೊಬ್ಬರು ಕಳುಹಿಸಿದ್ದ "ಸಕ್ಕರೆ ಕಾಯಿಲೆ ಬುಡಸಮೇತ ವಾಸಿ" ಎಂಬ ಸಿದ್ಧ ಸಂದೇಶವನ್ನು ಯಾರೂ ಬಳಸಕೂಡದು. ಮಧುಮೇಹ, ರಕ್ತದೊತ್ತಡ, ಬೊಜ್ಜು ಮುಂತಾದವನ್ನು ಗುಣಪಡಿಸುವುದಾಗಿ ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಕಾಯ್ದೆ ಇಲ್ಲದಿದ್ದರೂ ಅದು ಸುಳ್ಳೇ. ವೈದ್ಯರ ಚೀಟಿಯ ಮೇಲಷ್ಟೇ ಕೊಡಬೇಕಾದ ಯಾವ ಔಷಧದ ಹೆಸರೂ ನಮ್ಮ ರಿಯಾಯಿತಿ ಸಂದೇಶಗಳಲ್ಲಿ ಬರುವುದಿಲ್ಲ.

STOP ಬಂದ ಕೂಡಲೇ ಹೋಗಬೇಕಾದ ಉತ್ತರ:

"ತುಂಗಾತೀರ ಮೆಡಿಕಲ್ಸ್: ನಿಮ್ಮ ಇಚ್ಛೆಯಂತೆ ಎಲ್ಲ ಸಂದೇಶಗಳನ್ನು ನಿಲ್ಲಿಸಲಾಗಿದೆ. ಅಂಗಡಿಯಲ್ಲಿ ನಿಮಗೆ ಸಿಗುವ ಬೆಲೆ ಮತ್ತು ಸೇವೆಗಳಲ್ಲಿ ಬದಲಾವಣೆ ಇರುವುದಿಲ್ಲ."

STOP 2 ಬಂದರೆ:

"ತುಂಗಾತೀರ ಮೆಡಿಕಲ್ಸ್: ತಿಂಗಳ ನೆನಪೋಲೆಯನ್ನು ನಿಲ್ಲಿಸಲಾಗಿದೆ. ಉಳಿದ ಸಂದೇಶಗಳೂ ಬೇಡವಾದರೆ STOP ಎಂದು 56990ಕ್ಕೆ ಕಳುಹಿಸಿ."

ಮೊದಲ ಉತ್ತರದಲ್ಲಿ "ಮತ್ತೆ ಬೇಕಾದರೆ" ಎಂಬ ಸಾಲು ಉದ್ದೇಶಪೂರ್ವಕವಾಗಿಯೇ ಇಲ್ಲ. ಬೇಡ ಎಂದವರನ್ನು ಅದೇ ಗಳಿಗೆಯಲ್ಲಿ ಮತ್ತೆ ಕರೆಯುವುದು ಸರಿಯಲ್ಲ. ಸಂದೇಶದ ಮೇಲ್ಗಡೆ ಕಾಣುವ TNGTIR-P ಎಂಬ ಹೆಸರಿಗೆ ನೇರವಾಗಿ ಉತ್ತರಿಸಲು ಆಗದ ಕಾರಣ 56990 ಎಂಬ ಪ್ರತ್ಯೇಕ ಸಂಖ್ಯೆಯನ್ನು ಪ್ರತಿ ಸಂದೇಶದಲ್ಲೂ ಕೊಡಲಾಗಿದೆ. ಆದರೂ ವಯಸ್ಸಾದ ಅನೇಕರಿಗೆ ಇಂಗ್ಲಿಷ್ ಅಕ್ಷರ ಒತ್ತಿ ಕಳುಹಿಸುವುದು ಸುಲಭವಲ್ಲ. ಕೌಂಟರಿನಲ್ಲಿ ನಿಂತು "ಮೆಸೇಜ್ ಬರೋದು ಬೇಡ ಮಾರಾಯ್ರೆ" ಎಂದರೂ, ಮನೆಯವರು ಫೋನ್ ಮಾಡಿ ಹೇಳಿದರೂ ಅದು STOP ಕಳುಹಿಸಿದಷ್ಟೇ ಸಿಂಧು. ಕಾರಣ ಕೇಳದೆ, ಅವರ ಎದುರಿನಲ್ಲೇ ಸಂಖ್ಯೆಯನ್ನು ಪಟ್ಟಿಯಿಂದ ತೆಗೆದು ಮೇಲಿನ ಉತ್ತರವನ್ನು ಕಳುಹಿಸಿ. ಹೊಸ ರಿಯಾಯಿತಿ ಬಂದಿತೆಂದು ಅಂಥವರ ಸಂಖ್ಯೆಯನ್ನು ಮತ್ತೆ ಸೇರಿಸುವಂತಿಲ್ಲ. ಅವರೇ ಬಂದು ಕೇಳಿದರೆ ಪುಸ್ತಕದಲ್ಲಿ ಹೊಸದಾಗಿ ಸಹಿ ಪಡೆಯಬೇಕು.

ಸಂಖ್ಯೆ ಬೇರೆಯವರ ಪಾಲಾಗಿದೆ ಎಂದು ತಿಳಿದುಬಂದಾಗ:

"ತುಂಗಾತೀರ ಮೆಡಿಕಲ್ಸ್: ನಿಮ್ಮ ಸಂಖ್ಯೆಗೆ ತಪ್ಪಾಗಿ ಸಂದೇಶ ಬಂದಿದ್ದಕ್ಕೆ ಕ್ಷಮೆ ಇರಲಿ. ಸಂಖ್ಯೆಯನ್ನು ನಮ್ಮ ಪಟ್ಟಿಯಿಂದ ತೆಗೆಯಲಾಗಿದೆ."

ಆ ಸಂಖ್ಯೆ ಮೊದಲು ಯಾರದಾಗಿತ್ತೆಂದು ಹೊಸಬರು ಕೇಳಿದರೆ ಹೇಳಬಾರದು.